ಹಳೇ 37 ಕಿಲೋವ್ಯಾಟ್ ಸ್ಕ್ರೂ ಕಂಪ್ರೆಸರ್: ಓವರ್‌ಹಾಲ್ ಮಾಡಿಸುವುದಾ, ಹೊಸದು ತರುವುದಾ? ಪೇಬ್ಯಾಕ್ ಲೆಕ್ಕದ ಮೇಲೆ ಅನುಮಾನ

ಯುಟಿಲಿಟಿ ಶಿಫ್ಟ್

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಒಂದು 37 ಕಿಲೋವ್ಯಾಟ್‌ನ ಆಯಿಲ್ ಸ್ಕ್ರೂ ಕಂಪ್ರೆಸರ್ ಇದೆ. 11 ವರ್ಷ ಹಳೆಯದು, 60 ಸಾವಿರ ಗಂಟೆ ದಾಟಿದೆ. ಫಿಕ್ಸೆಡ್ ಸ್ಪೀಡ್, ಲೋಡ್–ಅನ್‌ಲೋಡ್ ಆಗುತ್ತಾ ಓಡುತ್ತದೆ. ವರ್ಷಕ್ಕೆ ಸುಮಾರು 6,000 ಗಂಟೆ ಓಟ. ಈಚೆಗೆ ರೋಟರ್‌ಗಳು ತಿರುಗಿ ಗಾಳಿ ಒತ್ತುವ ಭಾಗವಾದ ಏರ್‌ಎಂಡ್‌ನಿಂದ ಬೇರಿಂಗ್ ಶಬ್ದ ಬರುತ್ತಿದೆ. ಡಿಸ್‌ಚಾರ್ಜ್ ತಾಪಮಾನವೂ ಮೊದಲಿಗಿಂತ ಸುಮಾರು 10 ಡಿಗ್ರಿ ಜಾಸ್ತಿ.

ಸರ್ವಿಸ್‌ನವರು ಓವರ್‌ಹಾಲ್ ಮಾಡಿಸಿ ಎನ್ನುತ್ತಾರೆ. ಹೊಸ ಮಷಿನ್ ಮಾರುವವರು ಬಂದು ಟೆಸ್ಟ್ ಮಾಡಿ, "ಹೊಸದು ಹಾಕಿದರೆ ವರ್ಷಕ್ಕೆ 68 ಸಾವಿರ ಯೂನಿಟ್ ಕರೆಂಟ್ ಉಳಿಯುತ್ತದೆ, ಒಂದೂವರೆ ವರ್ಷ ದಾಟುವಷ್ಟರಲ್ಲಿ ಹಾಕಿದ ದುಡ್ಡು ವಾಪಸ್" ಎಂದು ಬರೆದುಕೊಟ್ಟಿದ್ದಾರೆ.

ಕರೆಂಟ್ ದರ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ ಎಲ್ಲಾ ಖರ್ಚನ್ನೂ ನಮ್ಮ ದರದಿಂದ ಭಾಗಿಸಿ ಯೂನಿಟ್‌ನಲ್ಲೇ ಹೇಳುತ್ತೇನೆ. ಏರ್‌ಎಂಡ್ ಓವರ್‌ಹಾಲ್‌ಗೆ 40 ಸಾವಿರ ಯೂನಿಟ್‌ನಷ್ಟು. ಅದೇ ಅಳತೆಯ ಹೊಸ ಫಿಕ್ಸೆಡ್ ಸ್ಪೀಡ್ ಮಷಿನ್‌ಗೆ 1.10 ಲಕ್ಷ. ಬೇಡಿಕೆಗೆ ತಕ್ಕಂತೆ ಮೋಟರ್ ಸ್ಪೀಡ್ ಬದಲಾಯಿಸುವ ವಿಎಸ್‌ಡಿ ಡ್ರೈವ್ ಇರುವುದಕ್ಕೆ 1.45 ಲಕ್ಷ. ಹಳೆಯದನ್ನು ಕೊಟ್ಟರೆ 8 ಸಾವಿರ ಬರುತ್ತದೆ.

ಒಂದೂವರೆ ವರ್ಷ ಎನ್ನುವುದು ನನಗೆ ನಂಬಿಕೆ ಬರುತ್ತಿಲ್ಲ. ಆದರೆ ಲೆಕ್ಕದಲ್ಲಿ ತಪ್ಪು ಎಲ್ಲಿದೆ ಅಂತ ಹಿಡಿಯಲು ಆಗುತ್ತಿಲ್ಲ. ನೋಡಿ ಹೇಳುತ್ತೀರಾ?

ವರ್ಕ್‌ಶಾಪ್ ರಾಜ

ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧಕ್ಕಿಂತ ಕಡಿಮೆ ಇದ್ದರೆ ರಿಪೇರಿ ಮಾಡಿಸಿ, ಅರ್ಧ ದಾಟಿದರೆ ಹೊಸದು ತನ್ನಿ. ನಿಮ್ಮದು 1.10 ಲಕ್ಷಕ್ಕೆ 40 ಸಾವಿರ. ಅರ್ಧಕ್ಕಿಂತ ಕಡಿಮೆ. ಓವರ್‌ಹಾಲ್ ಮಾಡಿಸಿ. ನಮ್ಮಲ್ಲಿ ಲೇತ್, ಮಿಲ್ಲಿಂಗ್ ಮಷಿನ್ ಎಲ್ಲದಕ್ಕೂ ಇದೇ ಲೆಕ್ಕ.

ಒತ್ತಡಮಾಪಕ

ರಾಜ ಅವರೇ, ಲೇತ್‌ಗೆ ನಿಮ್ಮ ಲೆಕ್ಕ ಚೆನ್ನಾಗಿಯೇ ಇದೆ. ಲೇತ್‌ನಲ್ಲಿ ಬೆಲೆ ದೊಡ್ಡದು, ಕರೆಂಟ್ ಚಿಕ್ಕದು. ಕಂಪ್ರೆಸರ್‌ನಲ್ಲಿ ಅದು ತಲೆಕೆಳಗು. ಇವರ ಮಷಿನ್ ವರ್ಷಕ್ಕೆ ಎರಡು ಲಕ್ಷ ಯೂನಿಟ್‌ಗೂ ಜಾಸ್ತಿ ತಿನ್ನುತ್ತಿರಬೇಕು. ಅಂದರೆ ಹೊಸ ಮಷಿನ್ ಬೆಲೆಯ ಎರಡರಷ್ಟು ದುಡ್ಡು ಪ್ರತಿ ವರ್ಷ ಬಿಲ್‌ನಲ್ಲಿ ಹೋಗುತ್ತಿದೆ. ಅದನ್ನು ಬಿಟ್ಟು ಬರೀ ರಿಪೇರಿ ಬೆಲೆ ನೋಡಿದರೆ ತೀರ್ಮಾನ ಹೇಗೆ ಬೇಕಾದರೂ ಆಗಬಹುದು.

ಯುಟಿಲಿಟಿ ಶಿಫ್ಟ್ ಅವರೇ, ಮೊದಲು ನಾಲ್ಕು ಸಂಖ್ಯೆ ಬೇಕು. ಮಷಿನ್ ಈಗ ನಿಜವಾಗಿ ಎಷ್ಟು ಗಾಳಿ ಕೊಡುತ್ತಿದೆ? ಲೋಡ್ ಆಗಿರುವಾಗ ಎಷ್ಟು ಕಿಲೋವ್ಯಾಟ್? ಅನ್‌ಲೋಡ್‌ನಲ್ಲಿ ಎಷ್ಟು? ಓಡಿದ ಗಂಟೆಯಲ್ಲಿ ಲೋಡ್ ಆಗಿದ್ದ ಗಂಟೆ ಎಷ್ಟು? ಕೊನೆಯದು ಕಂಟ್ರೋಲರ್‌ನಲ್ಲೇ ಸಿಗುತ್ತದೆ. ಮಾರುವವರ ಟೆಸ್ಟ್ ಮೇಲೆ ಹೋಗಬೇಡಿ. ನೀವೇ ರಿಸೀವರ್ ತುಂಬಿಸಿ ನೋಡಿ.

ಟೈರ್ ಕೆಲಸ

ನನ್ನದೂ ಇದೇ ಪ್ರಶ್ನೆ ಸರ್. ನನ್ನ ಹತ್ತಿರ ಎರಡು ಸಿಲಿಂಡರ್‌ನ ಪಿಸ್ಟನ್ ಕಂಪ್ರೆಸರ್ ಇದೆ. ಟ್ಯಾಂಕ್ ಕೆಳಗಡೆ ತುಕ್ಕು ಹಿಡಿದಿದೆ. ವೆಲ್ಡಿಂಗ್ ಮಾಡಿಸಿದರೆ ಸಾಕಾ, ಇಲ್ಲ ಕಂಪ್ರೆಸರೇ ಬದಲಾಯಿಸಬೇಕಾ? ಪೇಬ್ಯಾಕ್ ಎಷ್ಟು ಬರಬಹುದು?

ಒತ್ತಡಮಾಪಕ

ನಿಮ್ಮದು ಪೇಬ್ಯಾಕ್ ಪ್ರಶ್ನೆಯೇ ಅಲ್ಲ, ಜೀವದ ಪ್ರಶ್ನೆ. ತುಕ್ಕು ಹಿಡಿದು ತೆಳುವಾದ ಟ್ಯಾಂಕ್‌ಗೆ ಪ್ಯಾಚ್ ವೆಲ್ಡಿಂಗ್ ಮಾಡಿಸಬೇಡಿ. ವೆಲ್ಡ್ ನಿಂತರೂ ಪಕ್ಕದ ತಗಡು ಸೀಳಬಹುದು. ಇವತ್ತೇ ಗಾಳಿ ಇಳಿಸಿ, ಓಡಿಸುವುದು ನಿಲ್ಲಿಸಿ. ಪಂಪ್ ಮತ್ತು ಮೋಟರ್ ಚೆನ್ನಾಗಿದ್ದರೆ ಟ್ಯಾಂಕ್ ಮಾತ್ರ ಹೊಸದು ಹಾಕಿಸಿದರೆ ಆಯಿತು. ಇನ್ನು ಮುಂದೆ ದಿನಾ ಕೆಳಗಿನ ಡ್ರೇನ್ ವಾಲ್ವ್ ತೆರೆದು ನೀರು ಬಿಡಿ.

ಯುಟಿಲಿಟಿ ಶಿಫ್ಟ್

ಟೆಸ್ಟ್ ಮಾಡಿದೆವು. ರಿಸೀವರ್ 1 ಘನ ಮೀಟರ್, ವಾಲ್ವ್‌ವರೆಗಿನ ಪೈಪ್ ಸೇರಿ 1.1 ಎಂದು ಹಿಡಿದೆ. ಲೈನ್ ವಾಲ್ವ್ ಮುಚ್ಚಿ, ಪೂರ್ತಿ ಖಾಲಿ ಮಾಡಿ, 7 ಬಾರ್‌ಗೆ ತುಂಬಿಸಿದೆವು. 82 ಸೆಕೆಂಡ್ ಹಿಡಿಯಿತು. ಒಳಗಿನ ಗಾಳಿ 45 ಡಿಗ್ರಿ, ಹೀರುವ ಗಾಳಿ 30 ಡಿಗ್ರಿ.

```
Q = V × (P2 − P1) / (Pa × t) × (273 + T1) / (273 + T2)
  = 1.1 × 7 / (1.013 × 1.367) × 303 / 318
  = 5.3 m³/min
```

ಹೊಸದರಲ್ಲಿ ಡೇಟಾ ಶೀಟ್ ಪ್ರಕಾರ 6.4 ಇತ್ತು. ಲೋಡ್‌ನಲ್ಲಿ 42 ಕಿಲೋವ್ಯಾಟ್, ಅನ್‌ಲೋಡ್‌ನಲ್ಲಿ 15. ಓಡಿದ ಗಂಟೆಯಲ್ಲಿ 85 ಪರ್ಸೆಂಟ್ ಲೋಡ್.

ಪ್ಯಾನೆಲ್ ವೈರಿಂಗ್

ಕಿಲೋವ್ಯಾಟ್ ಹೇಗೆ ಅಳೆದಿರಿ? ಟಾಂಗ್ ಟೆಸ್ಟರ್ ಹಾಕಿ ಆಂಪ್ಸ್ ನೋಡಿದರೆ ಸಾಕಲ್ವಾ? ನಾನು ಬೇರೆ ಕಡೆ ನೋಡಿದಾಗ ಅನ್‌ಲೋಡ್‌ನಲ್ಲಿ ಆಂಪ್ಸ್ ಅರ್ಧಕ್ಕಿಂತ ಜಾಸ್ತಿಯೇ ಇತ್ತು. ಹಾಗಾದರೆ ನಿಮ್ಮ 15 ಕಡಿಮೆ ಅನಿಸುತ್ತದೆ.

ಒತ್ತಡಮಾಪಕ

ಲೋಡ್‌ನಲ್ಲಿ ಆಂಪ್ಸ್ ನೋಡಿ ಅಂದಾಜು ಹೇಳಬಹುದು. ಅನ್‌ಲೋಡ್‌ನಲ್ಲಿ ಆಗುವುದಿಲ್ಲ. ಮೋಟರ್ ಹಗುರವಾಗಿ ಓಡುವಾಗ ಪವರ್ ಫ್ಯಾಕ್ಟರ್ ತುಂಬಾ ಬೀಳುತ್ತದೆ. ಆಂಪ್ಸ್ ಅರ್ಧ ಕಾಣಿಸಿದರೂ ನಿಜವಾದ ಪವರ್ ಮೂರರಲ್ಲಿ ಒಂದು ಭಾಗವೇ ಇರಬಹುದು. ಪವರ್ ಅನಲೈಸರ್‌ನಲ್ಲಿ 15 ಬಂದಿದ್ದರೆ ಅದು ಸಹಜವೇ.

ಯುಟಿಲಿಟಿ ಶಿಫ್ಟ್

ಹೌದು, ಮೂರೂ ಫೇಸ್‌ಗೆ ಅನಲೈಸರ್ ಹಾಕಿಯೇ ಅಳೆದಿದ್ದು.

ಒತ್ತಡಮಾಪಕ

ಒಳ್ಳೆಯದು. ಲೆಕ್ಕಕ್ಕೆ ಹೋಗುವ ಮುಂಚೆ ಒಂದು ಮಾತು. ಗಾಳಿ ಕಮ್ಮಿ ಆದ ಮಾತ್ರಕ್ಕೆ ಏರ್‌ಎಂಡ್ ಸವೆದಿದೆ ಎನ್ನಬೇಡಿ. ಫಿಲ್ಟರ್ ಕಟ್ಟಿಕೊಂಡರೂ, ಇನ್‌ಲೆಟ್ ವಾಲ್ವ್ ಪೂರ್ತಿ ತೆರೆಯದಿದ್ದರೂ ಗಾಳಿ ಕಮ್ಮಿ ಆಗುತ್ತದೆ. ಆದರೆ ಆಗ ಹೀರುವ ಗಾಳಿಯೇ ಕಡಿಮೆ, ಹಾಗಾಗಿ ಲೋಡ್ ಕಿಲೋವ್ಯಾಟ್ ಕೂಡ ಸ್ವಲ್ಪ ಇಳಿಯುತ್ತದೆ. ನಿಮ್ಮಲ್ಲಿ ಗಾಳಿ ಇಳಿದಿದೆ, ಕಿಲೋವ್ಯಾಟ್ ಇಳಿದಿಲ್ಲ, ಬಿಸಿ ಏರಿದೆ. ಅಂದರೆ ಒತ್ತಿದ ಗಾಳಿ ರೋಟರ್ ಸಂದಿನಿಂದ ಹಿಂದಕ್ಕೆ ಸೋರಿ ಮತ್ತೆ ಮತ್ತೆ ಒತ್ತಿಸಿಕೊಳ್ಳುತ್ತಿದೆ. ಬ್ಲೋಡೌನ್ ವಾಲ್ವ್ ಮಾತ್ರ ಒಮ್ಮೆ ನೋಡಿಬಿಡಿ. ಮಷಿನ್ ಲೋಡ್ ಆಗಿರುವಾಗ ಅಲ್ಲಿಂದ ಗಾಳಿ ಹೋಗುತ್ತಿದ್ದರೂ ಗಾಳಿ ಕಮ್ಮಿಯಾಗಿ ಕಿಲೋವ್ಯಾಟ್ ಹಾಗೇ ಉಳಿಯುತ್ತದೆ. ಅದು ಚಿಕ್ಕ ರಿಪೇರಿ.

ಇನ್ನು ಓವರ್‌ಹಾಲ್ ಕೊಟೇಶನ್ ಓದಿ. ಬರೀ ಬೇರಿಂಗ್ ಮತ್ತು ಸೀಲ್ ಬದಲಾಯಿಸುವುದಾ, ಇಲ್ಲ ಏರ್‌ಎಂಡ್ ಪೂರ್ತಿ ರೀಕಂಡೀಷನ್ ಮಾಡಿ ಕೊಡುವುದಾ? ಬೇರಿಂಗ್ ಬದಲಾದರೆ ಶಬ್ದ ಹೋಗುತ್ತದೆ. ಸವೆದ ರೋಟರ್ ಸಂದು ಮುಚ್ಚುವುದಿಲ್ಲ. ಗಾಳಿ ಹೆಚ್ಚೂಕಡಿಮೆ ಈಗಿನಷ್ಟೇ ಇರುತ್ತದೆ.

ಯುಟಿಲಿಟಿ ಶಿಫ್ಟ್

ಬ್ಲೋಡೌನ್‌ನಲ್ಲಿ ಸೋರಿಕೆ ಇಲ್ಲ. ಕೊಟೇಶನ್‌ನಲ್ಲಿ ಎರಡೂ ಇವೆ. ಬೇರಿಂಗ್–ಸೀಲ್ ಮಾತ್ರ ಆದರೆ 18 ಸಾವಿರ ಯೂನಿಟ್. 40 ಸಾವಿರದ್ದು ಏರ್‌ಎಂಡ್ ಎಕ್ಸ್‌ಚೇಂಜ್. ಅದರಲ್ಲಿ ಗಾಳಿ 6.1ಕ್ಕೆ ಬರುತ್ತದೆ, ಕರೆಂಟ್ 41.5 ಕಿಲೋವ್ಯಾಟ್ ಆಗುತ್ತದೆ ಎಂದು ಬರೆದಿದ್ದಾರೆ. ಅನ್‌ಲೋಡ್‌ಗೆ 13 ಎಂದು ಬಾಯಲ್ಲಿ ಹೇಳಿದರು. ಹೊಸ ಫಿಕ್ಸೆಡ್ ಸ್ಪೀಡ್‌ನದು 6.6 ಗಾಳಿ, 41 ಕಿಲೋವ್ಯಾಟ್, ಅನ್‌ಲೋಡ್ 10.

ಒತ್ತಡಮಾಪಕ

ಈಗ ಮಾರುವವರ 68 ಸಾವಿರ ಎಲ್ಲಿಂದ ಬಂತು ಅಂತ ಗೊತ್ತಾಯಿತು. ನಿಮ್ಮ ಹಳೇ ಮಷಿನ್‌ಗೆ ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿ ಕೊಡಲು 7.9 ಕಿಲೋವ್ಯಾಟ್ ಬೇಕು, ಹೊಸದಕ್ಕೆ 6.2. ಅವರು ಈ ವ್ಯತ್ಯಾಸವನ್ನು ಹೊಸ ಮಷಿನ್‌ನ ಪೂರ್ತಿ 6.6 ಗಾಳಿಗೆ ಗುಣಿಸಿ, 6,000 ಗಂಟೆಗೆ ಗುಣಿಸಿದ್ದಾರೆ. ಆದರೆ ನಿಮಗೆ ಅಷ್ಟು ಗಾಳಿ ಬೇಕಾಗಿಯೇ ಇಲ್ಲ. 5.3ರಲ್ಲಿ 85 ಪರ್ಸೆಂಟ್ ಅಂದರೆ 4.5. ನೀವು ಕೊಳ್ಳುತ್ತಿರುವುದು ಗಾಳಿ, ಗಂಟೆಯಲ್ಲ. ಹೊಸ ಮಷಿನ್ ಬಂದರೂ ಕಾರ್ಖಾನೆ 4.5ನ್ನೇ ಬಳಸುತ್ತದೆ. ಉಳಿದ ಹೊತ್ತು ಹೊಸ ಮಷಿನ್ ಅನ್‌ಲೋಡ್ ಆಗಿ ಸುಮ್ನೆ ತಿರುಗುತ್ತದೆ, ಅದಕ್ಕೂ ಕರೆಂಟ್ ಹೋಗುತ್ತದೆ.

4.5 ಗಾಳಿಗೆ ಇಟ್ಟು ನೋಡೋಣ:

```
ಈಗ        : 0.85×42   + 0.15×15 = 38.0 kW → 2.28 ಲಕ್ಷ ಯೂನಿಟ್/ವರ್ಷ
ಓವರ್‌ಹಾಲ್  : 0.738×41.5 + 0.262×13 = 34.0 kW → 2.04 ಲಕ್ಷ
ಹೊಸದು     : 0.68×41   + 0.32×10 = 31.1 kW → 1.87 ಲಕ್ಷ
```

ಈಗಿನ ಸ್ಥಿತಿಗೆ ಹೋಲಿಸಿದರೆ ಹೊಸದರಿಂದ ಉಳಿಯುವುದು 68 ಸಾವಿರ ಅಲ್ಲ, 41 ಸಾವಿರ. ಪೇಬ್ಯಾಕ್ 1.6 ವರ್ಷ ಅಲ್ಲ, 2.7.

ಅದೂ ಸರಿಯಾದ ಉತ್ತರ ಅಲ್ಲ. ನನ್ನ ಮುಖ್ಯ ಮಾತು ಇದು. ಬೇರಿಂಗ್ ಕೂಗುತ್ತಿರುವ ಮಷಿನನ್ನು ನೀವು ಹೀಗೇ ಓಡಿಸಿಕೊಂಡು ಹೋಗಲು ಸಾಧ್ಯವೇ ಇಲ್ಲ. ಆದ್ದರಿಂದ ಹೊಸದನ್ನು ಇವತ್ತಿನ ಕಾಯಿಲೆ ಮಷಿನ್‌ಗೆ ಹೋಲಿಸಬಾರದು, ರಿಪೇರಿ ಆದ ಮಷಿನ್‌ಗೆ ಹೋಲಿಸಬೇಕು. ಎರಡೂ ಕಡೆ ಬದಲಾವಣೆ ಆಗುತ್ತದೆ. ಖರ್ಚಿನ ಕಡೆ, 1.10 ಲಕ್ಷದಲ್ಲಿ ತಪ್ಪಿದ ಓವರ್‌ಹಾಲ್‌ನ 40 ಸಾವಿರವನ್ನೂ ಹಳೆಯದರ 8 ಸಾವಿರವನ್ನೂ ಕಳೆಯಿರಿ. ಉಳಿದದ್ದು 62 ಸಾವಿರ. ಉಳಿತಾಯದ ಕಡೆ, 2.04ರಲ್ಲಿ 1.87 ಕಳೆದರೆ 17 ಸಾವಿರ ಚಿಲ್ಲರೆ. ಪೇಬ್ಯಾಕ್ ಸುಮಾರು 3.6 ವರ್ಷ. ಓವರ್‌ಹಾಲ್‌ನದು ನೋಡಿ: 40 ಸಾವಿರ ಹಾಕಿ ವರ್ಷಕ್ಕೆ 24 ಸಾವಿರ ಉಳಿಸಿದರೆ 1.7 ವರ್ಷ.

ವರ್ಕ್‌ಶಾಪ್ ರಾಜ

ನೋಡಿದಿರಾ, ಕೊನೆಗೂ ಓವರ್‌ಹಾಲೇ ಗೆದ್ದಿತು. 1.7 ಎಲ್ಲಿ, 3.6 ಎಲ್ಲಿ.

ಲೆಕ್ಕದ ಪುಸ್ತಕ

ರಾಜ ಅವರೇ, ಅಲ್ಲೇ ನಿಲ್ಲಬೇಡಿ. ನಾನು ಅಕೌಂಟ್ಸ್‌ನವಳು, ಕಂಪ್ರೆಸರ್ ಗೊತ್ತಿಲ್ಲ. ಆದರೆ ಎರಡು ಪೇಬ್ಯಾಕ್ ಪಕ್ಕ ಪಕ್ಕ ಇಟ್ಟು ಚಿಕ್ಕದನ್ನು ಆರಿಸುವುದು ಸರಿಯಲ್ಲ. ಪೇಬ್ಯಾಕ್ ದುಡ್ಡು ಯಾವಾಗ ವಾಪಸ್ ಬರುತ್ತದೆ ಎಂದಷ್ಟೇ ಹೇಳುತ್ತದೆ. ಅದಾದ ಮೇಲೆ ಎಷ್ಟು ವರ್ಷ ಉಳಿತಾಯ ಬರುತ್ತಲೇ ಇರುತ್ತದೆ ಎನ್ನುವುದನ್ನು ಹೇಳುವುದಿಲ್ಲ. ಅದಕ್ಕೆ ಪೂರ್ತಿ ಆಯಸ್ಸಿನ ಖರ್ಚು ಕೂಡಿಸಬೇಕು.

8 ವರ್ಷಕ್ಕೆ ಕೂಡಿಸಿದೆ. ಹಳೆಯದಕ್ಕೆ ವರ್ಷಕ್ಕೆ 9 ಸಾವಿರ ಮೆಂಟೆನೆನ್ಸ್, ನಡುವೆ ಮೋಟರ್ ಅಥವಾ ಕೂಲರ್‌ಗೆ ಒಂದು 12 ಸಾವಿರ, ಹೊಸದಕ್ಕೆ ವರ್ಷಕ್ಕೆ 6 ಸಾವಿರ ಎಂದು ಹಿಡಿದೆ. ಓವರ್‌ಹಾಲ್ ದಾರಿಯಲ್ಲಿ ಒಟ್ಟು 17.6 ಲಕ್ಷ ಯೂನಿಟ್‌ನಷ್ಟು. ಹೊಸದರಲ್ಲಿ 16.4 ಲಕ್ಷ. ಹೊಸದೇ ಒಂದು ಲಕ್ಷಕ್ಕೂ ಜಾಸ್ತಿ ಅಗ್ಗ. ಇದಕ್ಕೆ ಬಡ್ಡಿ ಸೇರಿಸಿಲ್ಲ. ಸಾಲ ತೆಗೆದು ಕೊಂಡರೆ ಅಂತರ ಸಣ್ಣದಾಗುತ್ತದೆ, ಬಡ್ಡಿ ಜೋರಾಗಿದ್ದರೆ ತುಂಬಾನೇ ಸಣ್ಣದಾಗುತ್ತದೆ.

ಇನ್ನೊಂದು ಮಾತು. ಈ ಮಷಿನ್‌ಗೆ ಹೋದ ವರ್ಷ ಏನಾದರೂ ದೊಡ್ಡ ಖರ್ಚು ಮಾಡಿದ್ದರೆ ಅದನ್ನು ಈ ಲೆಕ್ಕಕ್ಕೆ ತರಬೇಡಿ. "ಅಷ್ಟು ಹಾಕಿದ್ದೇವೆ, ಈಗ ಹೇಗೆ ಬಿಡುವುದು" ಎಂಬ ಮಾತು ಮೀಟಿಂಗ್‌ನಲ್ಲಿ ಬಂದೇ ಬರುತ್ತದೆ. ಯಾವ ದಾರಿ ಹಿಡಿದರೂ ಆ ದುಡ್ಡು ವಾಪಸ್ ಬರುವುದಿಲ್ಲ.

ಯುಟಿಲಿಟಿ ಶಿಫ್ಟ್

ಮೇಡಂ, ಆ ಮಾತು ಆಗಲೇ ಬಂದಿದೆ! ಹೋದ ವರ್ಷ ಮೋಟರ್ ರಿವೈಂಡಿಂಗ್ ಆಗಿತ್ತು.

ವಿಎಸ್‌ಡಿ ಬಗ್ಗೆ ಏನು ಹೇಳುತ್ತೀರಿ? ನಾನೇ ಹಾಕಿ ನೋಡಿದೆ. 4.5 ಗಾಳಿಗೆ ಅದು ಸುಮಾರು 29.3 ಕಿಲೋವ್ಯಾಟ್ ತೆಗೆದುಕೊಳ್ಳುತ್ತದೆ ಎಂದು ಅವರ ಕರ್ವ್ ಹೇಳುತ್ತದೆ. ವರ್ಷಕ್ಕೆ 1.76 ಲಕ್ಷ. ಓವರ್‌ಹಾಲ್‌ಗೆ ಹೋಲಿಸಿದರೆ ಹೆಚ್ಚುವರಿ ಖರ್ಚು 97 ಸಾವಿರ, ಉಳಿತಾಯ 28 ಸಾವಿರ ಚಿಲ್ಲರೆ, ಪೇಬ್ಯಾಕ್ 3.4 ವರ್ಷ. ಫಿಕ್ಸೆಡ್‌ಗಿಂತ ಅಂಥ ದೊಡ್ಡ ವ್ಯತ್ಯಾಸ ಕಾಣುತ್ತಿಲ್ಲ.

ಪ್ಯಾನೆಲ್ ವೈರಿಂಗ್

ವಿಎಸ್‌ಡಿ ಅಂದರೆ ಯಾವಾಗಲೂ ಉಳಿತಾಯವೇ. ಕಣ್ಣು ಮುಚ್ಚಿ ಹಾಕಿ.

ಒತ್ತಡಮಾಪಕ

ಯಾವಾಗಲೂ ಅಲ್ಲ. ಮಷಿನ್ ಇಡೀ ದಿನ ಪೂರ್ತಿ ಲೋಡ್‌ನಲ್ಲೇ ಇದ್ದರೆ ಡ್ರೈವ್‌ನ ನಷ್ಟದಿಂದ ವಿಎಸ್‌ಡಿ ಸ್ವಲ್ಪ ಜಾಸ್ತಿಯೇ ತಿನ್ನುತ್ತದೆ. ಬೇಡಿಕೆ ಏರಿಳಿಯುವ ಕಡೆ ಅದರ ಲಾಭ.

ಆದರೆ ನಾವೆಲ್ಲ ಒಂದು ಸಂಖ್ಯೆಯನ್ನು ಪ್ರಶ್ನೆಯೇ ಮಾಡದೆ ಬಳಸುತ್ತಿದ್ದೇವೆ. ಆ 4.5ರಲ್ಲಿ ಸೋರಿಕೆ ಎಷ್ಟು? ರಜೆ ದಿನ ಎಲ್ಲಾ ಮಷಿನ್ ನಿಲ್ಲಿಸಿ, ಲೈನ್ ವಾಲ್ವ್‌ಗಳನ್ನು ಮಾತ್ರ ತೆರೆದಿಟ್ಟು, ಕಂಪ್ರೆಸರ್ ಓಡಿಸಿ. ಯಾರೂ ಗಾಳಿ ಬಳಸದಿದ್ದರೂ ಅದು ಲೋಡ್ ಆಗುತ್ತಿದ್ದರೆ ಅದಷ್ಟೂ ಸೋರಿಕೆ. ಲೋಡ್ ಇರುವ ಹೊತ್ತು, ಅನ್‌ಲೋಡ್ ಇರುವ ಹೊತ್ತು ಬರೆದುಕೊಳ್ಳಿ.

ಯುಟಿಲಿಟಿ ಶಿಫ್ಟ್

ಭಾನುವಾರ ನೋಡಿದೆವು. ಸರಾಸರಿ ಒಂದೂವರೆ ನಿಮಿಷ ಲೋಡ್, ನಾಲ್ಕೂವರೆ ನಿಮಿಷ ಅನ್‌ಲೋಡ್. ಅಂದರೆ ಕಾಲು ಭಾಗ ಹೊತ್ತು ಲೋಡ್. 5.3ರ ಕಾಲು ಭಾಗ 1.3. ಬಳಕೆ 4.5ರಲ್ಲಿ 1.3 ಬರೀ ಸೋರಿಕೆ! ಕಿವಿಗೇ ಕೇಳುವಷ್ಟು ಜಾಗ ಸಿಕ್ಕವು. ಹೋಸ್ ಕ್ಲಾಂಪ್, ಎಫ್‌ಆರ್‌ಎಲ್ ಬೌಲ್, ಕ್ವಿಕ್ ಕಪ್ಲರ್, ಎರಡು ಆಟೋ ಡ್ರೇನ್ ತೆರೆದೇ ನಿಂತಿದ್ದವು.

ಒತ್ತಡಮಾಪಕ

ಅದರಲ್ಲಿ 0.9 ನಿಲ್ಲಿಸಿದರೂ ಬೇಡಿಕೆ 3.6ಕ್ಕೆ ಇಳಿಯುತ್ತದೆ. ಹಳೇ ಮಷಿನ್‌ನಲ್ಲೇ ವರ್ಷಕ್ಕೆ 28 ಸಾವಿರ ಯೂನಿಟ್ ಉಳಿಯುತ್ತದೆ. ಅದು ಓವರ್‌ಹಾಲ್ ಕೊಡುವ ಉಳಿತಾಯಕ್ಕಿಂತ ಜಾಸ್ತಿ. ಖರ್ಚು ಕ್ಲಾಂಪ್, ಕಪ್ಲರ್‌ನದು.

ಬೇಡಿಕೆ 3.6 ಆದ ಮೇಲೆ ಆಯ್ಕೆಗಳೇ ಬದಲಾಗುತ್ತವೆ. 37 ಕಿಲೋವ್ಯಾಟ್ ಮಷಿನ್ ಈಗ ದೊಡ್ಡದಾಯಿತು. ಓವರ್‌ಹಾಲ್ ಆದ ಹಳೆಯದು ನೂರರಲ್ಲಿ 41 ಭಾಗ ಹೊತ್ತು ಖಾಲಿ ತಿರುಗಿ ವರ್ಷಕ್ಕೆ 1.79 ಲಕ್ಷ ತಿನ್ನುತ್ತದೆ. 30 ಕಿಲೋವ್ಯಾಟ್‌ನ ವಿಎಸ್‌ಡಿಗೆ ಕೊಟೇಶನ್ ತರಿಸಿ ನೋಡಿ.

ಯುಟಿಲಿಟಿ ಶಿಫ್ಟ್

ಬಂತು. 1.20 ಲಕ್ಷ ಯೂನಿಟ್‌ನಷ್ಟು. ಗರಿಷ್ಠ 5.3 ಗಾಳಿ. 3.6ರಲ್ಲಿ 23.4 ಕಿಲೋವ್ಯಾಟ್, ಐಎಸ್‌ಒ 1217 ಪ್ರಕಾರದ ಡೇಟಾ ಶೀಟ್ ಜೊತೆಗೇ ಕೊಟ್ಟಿದ್ದಾರೆ. ವರ್ಷಕ್ಕೆ 1.40 ಲಕ್ಷ. ಹಿಂದಿನ ರೀತಿಯಲ್ಲೇ ಹಾಕಿದೆ: ಹೆಚ್ಚುವರಿ ಖರ್ಚು 72 ಸಾವಿರ, ಉಳಿತಾಯ 38 ಸಾವಿರದ ಮೇಲೆ. ಪೇಬ್ಯಾಕ್ 1.9 ವರ್ಷ! ಸೋರಿಕೆ ನಿಲ್ಲಿಸಿದರೆ ಹೊಸ ಮಷಿನ್‌ನ ಲಾಭ ಕಡಿಮೆಯಾಗುತ್ತದೆ ಅಂದುಕೊಂಡಿದ್ದೆ.

ಒತ್ತಡಮಾಪಕ

ಅದೇ ಅಳತೆಯ ಮಷಿನ್ ತಂದಿದ್ದರೆ ಲಾಭ ಏನೂ ಹೆಚ್ಚುತ್ತಿರಲಿಲ್ಲ. 37ರ ಹೊಸ ಫಿಕ್ಸೆಡ್‌ಗೆ ಈಗಲೂ ಪೇಬ್ಯಾಕ್ 3.6 ವರ್ಷವೇ ಬರುತ್ತದೆ. ನಿಮಗೆ ಲಾಭ ಆಗಿರುವುದು ಅಳತೆ ಚಿಕ್ಕದಾಗಿದ್ದರಿಂದ. ಸೋರಿಕೆ ಸಮೇತ ಅಳೆದು ಮಷಿನ್ ಕೊಂಡಿದ್ದರೆ ಮುಂದಿನ ಹತ್ತು ವರ್ಷ ಆ ಸೋರಿಕೆಗೆಂದೇ ದೊಡ್ಡ ಮಷಿನ್ ಸಾಕಿಕೊಂಡಿರಬೇಕಿತ್ತು.

ಆದರೆ ಆರ್ಡರ್ ಮಾಡುವ ಮುಂಚೆ ಸೋರಿಕೆ ನಿಜವಾಗಿ ನಿಲ್ಲಿಸಿ. ಕಾಗದದ ಮೇಲೆ 3.6 ಎಂದು ಬರೆದು ಚಿಕ್ಕ ಮಷಿನ್ ತಂದು, ಸೋರಿಕೆ ಹಾಗೇ ಉಳಿದರೆ ಪ್ರೆಷರ್ ಬೀಳುತ್ತದೆ. ಆಮೇಲೆ ಒಂದು ವಾರ ಲಾಗರ್ ಹಾಕಿ. 3.6 ಸರಾಸರಿ, ಏರಿಕೆ ಎಷ್ಟಕ್ಕೆ ಹೋಗುತ್ತದೆ ಎನ್ನುವುದು ಬೇರೆ ಪ್ರಶ್ನೆ. ಆಗಾಗ 6ಕ್ಕೆ ಏರುತ್ತದೆ ಎಂದಿಟ್ಟುಕೊಳ್ಳಿ. 5.3ಕ್ಕಿಂತ 0.7 ಜಾಸ್ತಿ. ನಿಮ್ಮ 1 ಘನ ಮೀಟರ್ ರಿಸೀವರ್ 1 ಬಾರ್ ಇಳಿಯಲು ಬಿಟ್ಟರೆ ಸುಮಾರು 1 ಘನ ಮೀಟರ್ ಗಾಳಿ ಕೊಡುತ್ತದೆ, ಒಂದೂವರೆ ನಿಮಿಷಕ್ಕೂ ಸಾಲದು. ಏರಿಕೆ ಅದಕ್ಕಿಂತ ಉದ್ದವಿದ್ದರೆ ಇನ್ನೊಂದು ರಿಸೀವರ್ ಬೇಕು, ಅದರ ಖರ್ಚೂ ಲೆಕ್ಕಕ್ಕೆ ಸೇರಬೇಕು.

ಎರಡನೇ ಶಿಫ್ಟ್ ಇಲ್ಲ

ಓದಿ ಖುಷಿಯಾಯಿತು. ನಮ್ಮಲ್ಲೂ ಇದೇ ಅಳತೆಯ ಮಷಿನ್, ಆದರೆ ವರ್ಷಕ್ಕೆ 1,200 ಗಂಟೆ ಮಾತ್ರ ಓಡುತ್ತದೆ. ನಾವೂ 30ರ ವಿಎಸ್‌ಡಿಗೆ ಹೋಗಬಹುದಾ?

ಲೆಕ್ಕದ ಪುಸ್ತಕ

ಉಳಿತಾಯ ಐದರಲ್ಲಿ ಒಂದು ಭಾಗ ಆಗುತ್ತದೆ ಅಲ್ವಾ? 38 ಸಾವಿರದ ಬದಲು 7,700. ಖರ್ಚು ಅದೇ 72 ಸಾವಿರ. ಒಂಬತ್ತು ವರ್ಷ ದಾಟುತ್ತದೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಓವರ್‌ಹಾಲ್ ಮಾಡಿಸುತ್ತೇನೆ. ನಿಮ್ಮ ಗಾಳಿ ಬಳಕೆ ಇವರಷ್ಟೇ ಇದೆಯಾ ಎಂದು ಮಾತ್ರ ಅಳೆದು ನೋಡಿ.

ವರ್ಕ್‌ಶಾಪ್ ರಾಜ

ಸರಿ, ಒಪ್ಪಿದೆ. ಆದರೆ ಒಂದು ಕೇಳುತ್ತೇನೆ. ಯುಟಿಲಿಟಿ ಶಿಫ್ಟ್ ಅವರಿಗೆ ಇರುವುದು ಒಂದೇ ಕಂಪ್ರೆಸರ್. ಹಳೆಯದನ್ನು 8 ಸಾವಿರಕ್ಕೆ ಕೊಟ್ಟುಬಿಟ್ಟು, ಹೊಸದರ ಡ್ರೈವ್ ಒಂದು ದಿನ ಸುಟ್ಟುಹೋದರೆ? ಎರಡು ಶಿಫ್ಟ್ ನಿಂತ ನಷ್ಟ ನಿಮ್ಮ ಯಾವ ಲೆಕ್ಕದಲ್ಲೂ ಇಲ್ಲವಲ್ಲ.

ಒತ್ತಡಮಾಪಕ

ಒಳ್ಳೆಯ ಪ್ರಶ್ನೆ. 8 ಸಾವಿರಕ್ಕೆ ಕೊಡಬೇಡಿ, ಸ್ಟ್ಯಾಂಡ್‌ಬೈ ಇಟ್ಟುಕೊಳ್ಳಿ. ಆಗ ಪೇಬ್ಯಾಕ್ 2.1 ವರ್ಷ ಆಗುತ್ತದೆ. ಬೇರಿಂಗ್ ಕೂಗುತ್ತಿರುವ ಮಷಿನ್ ನಂಬುವುದು ಕಷ್ಟ ಎಂದು 18 ಸಾವಿರದ ಬೇರಿಂಗ್ ಕೆಲಸವನ್ನೂ ಮಾಡಿಸಿದರೆ 2.5 ವರ್ಷ. ಸ್ಟ್ಯಾಂಡ್‌ಬೈಗೆ ಗಾಳಿ 5.3 ಬಂದರೂ ಸಾಕು, ಕರೆಂಟ್ ಜಾಸ್ತಿ ತಿಂದರೂ ಚಿಂತೆಯಿಲ್ಲ, ಓಡುವುದು ಕೆಲವೇ ಗಂಟೆ. ವಾರಕ್ಕೊಮ್ಮೆ ಬಿಸಿಯಾಗುವಷ್ಟು ಹೊತ್ತು ಲೋಡ್‌ನಲ್ಲಿ ಓಡಿಸಿ, ಇಲ್ಲದಿದ್ದರೆ ಆಯಿಲ್‌ನಲ್ಲಿ ನೀರು ಸೇರುತ್ತದೆ.

ವರ್ಕ್‌ಶಾಪ್ ರಾಜ

ರೋಟರ್ ಸವೆದಿರುವ ಏರ್‌ಎಂಡ್‌ಗೆ ಹೊಸ ಬೇರಿಂಗ್ ಹಾಕಿದರೆ ಎಷ್ಟು ದಿನ ಬಾಳುತ್ತದೆ ಎನ್ನುವುದೇ ನನಗೆ ಅನುಮಾನ. ರೋಟರ್ ಒಂದಕ್ಕೊಂದು ತಾಗಿದ್ದರೆ 18 ಸಾವಿರ ನೀರಲ್ಲಿ ಹೋದ ಹಾಗೆ.

ಒತ್ತಡಮಾಪಕ

ಅದನ್ನು ಬಿಚ್ಚಿದ ಮೇಲೆಯೇ ಹೇಳಲು ಸಾಧ್ಯ. ಬಿಚ್ಚಿ ರೋಟರ್ ತೋರಿಸಿ, ಆಮೇಲೆ ಮುಂದುವರಿಯಿರಿ ಎಂದು ಸರ್ವಿಸ್‌ನವರಿಗೆ ಮೊದಲೇ ಬರೆದುಕೊಡಿ. ರೋಟರ್ ಮೈಮೇಲೆ ಉಜ್ಜಿದ ಗೆರೆ ಕಂಡರೆ ಬೇರಿಂಗ್ ಹಾಕಿಸಬೇಡಿ. ಆಗ ಸ್ಟ್ಯಾಂಡ್‌ಬೈಗೆ ಬೇರೆ ದಾರಿ ಹುಡುಕಬೇಕು.

ಯುಟಿಲಿಟಿ ಶಿಫ್ಟ್

ಈ ವಾರ ಸೋರಿಕೆ ಕೆಲಸ ಶುರು ಮಾಡುತ್ತಿದ್ದೇವೆ. ಮುಗಿದ ಮೇಲೆ ಮತ್ತೆ ರಜೆ ದಿನದ ಟೆಸ್ಟ್, ಆಮೇಲೆ ಲಾಗರ್. ಮೊದಲು ಹೊಸದು ತಂದು, ಅದು ಓಡಲು ಶುರುವಾದ ಮೇಲೆ ಹಳೆಯದನ್ನು ಬಿಚ್ಚಿಸುತ್ತೇವೆ. ಅಲ್ಲಿಯವರೆಗೆ ಈ ಬೇರಿಂಗ್ ತಡೆದುಕೊಳ್ಳುತ್ತದಾ ಎನ್ನುವುದೇ ಈಗ ಭಯ. ವೈಬ್ರೇಶನ್ ರೀಡಿಂಗ್ ಎಷ್ಟು ದಿನಕ್ಕೊಮ್ಮೆ ತೆಗೆಯಬೇಕು?

ಒತ್ತಡಮಾಪಕ

ದಿನಾ ತೆಗೆಯಿರಿ, ಒಂದೇ ಜಾಗದಲ್ಲಿ, ಲೋಡ್ ಆಗಿರುವಾಗ. ಇಷ್ಟಾದರೆ ಅಪಾಯ ಎಂದು ಇಲ್ಲಿಂದ ಹೇಳುವುದಕ್ಕಿಂತ, ರೀಡಿಂಗ್ ದಿನದಿಂದ ದಿನಕ್ಕೆ ಏರುತ್ತಿದೆಯಾ ಎಂದು ನೋಡುವುದು ಮುಖ್ಯ. ಒಂದೇ ಸಮ ಇದ್ದರೆ ಓಡಿಸಿ. ಒಮ್ಮೆಲೇ ಏರಿದರೆ, ಇಲ್ಲವೇ ಆಯಿಲ್‌ನಲ್ಲಿ ಲೋಹದ ಪುಡಿ ಕಂಡರೆ ಅವತ್ತೇ ನಿಲ್ಲಿಸಿ ಬಾಡಿಗೆ ಮಷಿನ್ ತನ್ನಿ. ಬೇರಿಂಗ್ ಒಳಗೇ ಒಡೆದರೆ ರೋಟರ್ ಮತ್ತು ಕೇಸಿಂಗ್ ಎರಡೂ ಹಾಳಾಗುತ್ತವೆ, ಎಕ್ಸ್‌ಚೇಂಜ್‌ಗೂ ಅದನ್ನು ತೆಗೆದುಕೊಳ್ಳದೇ ಇರಬಹುದು.